ಓಕರಿಕೆಯೋ, ಉಸಿರು ಕಟ್ಟಿದ್ದೋ?

ಆರು ತಿಂಗಳು ತುಂಬಿದ ಮಗು ಬೇಯಿಸಿದ ಗೆಣಸಿನ ತುಂಡನ್ನು ತಾನೇ ಹಿಡಿದು ಬಾಯಿಗಿಟ್ಟುಕೊಂಡಾಗ ಓಕರಿಸುವುದು ಸಾಮಾನ್ಯ. ಉಸಿರು ಕಟ್ಟುವುದು ಹಾಗಲ್ಲ, ಅದು ಜೀವಕ್ಕೆ ಅಪಾಯ. ನೋಡುವವರಿಗೆ ಎರಡೂ ಒಂದೇ ಥರ ಕಂಡು ಎದೆ ಧಸಕ್ಕೆನ್ನುತ್ತದೆ. ಮನೆಮಾತಿನಲ್ಲಿ ಎರಡಕ್ಕೂ ‘ಗಂಟಲಲ್ಲಿ ಸಿಕ್ಕಿಕೊಂಡಿತು’ ಎಂದೇ ಹೇಳುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಓಕರಿಕೆ ಗಂಟಲಿನ ಕಾವಲುಗಾರ. ದೊಡ್ಡವರಲ್ಲಿ ನಾಲಗೆಯ ಬುಡ ಮುಟ್ಟಿದರೆ ಓಕರಿಕೆ ಬರುತ್ತದೆ. ಆರು ತಿಂಗಳ ಮಗುವಿನಲ್ಲಿ ಆ ಜಾಗ ಇನ್ನೂ ಮುಂದಿದ್ದು, ತುಂಡು ನಾಲಗೆಯ ನಡುಭಾಗ ಮುಟ್ಟಿದರೂ ಸಾಕು. ಅಂದರೆ ಮಗು ಓಕರಿಸುವ ಹೊತ್ತಿಗೆ ತುಂಡು ಸಾಮಾನ್ಯವಾಗಿ ಶ್ವಾಸನಾಳದಿಂದ ಇನ್ನೂ ದೂರದಲ್ಲೇ ಇರುತ್ತದೆ. ತಿಂಗಳುಗಳು ಕಳೆದು ಅಗಿಯುವುದು ರೂಢಿಯಾದಂತೆ ಈ ಜಾಗ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವೊಂದು 206 ಮಕ್ಕಳನ್ನು ಗಮನಿಸಿತು. ತಾವೇ ಹಿಡಿದು ತಿನ್ನುತ್ತಿದ್ದ ಮಕ್ಕಳು ಚಮಚದಲ್ಲಿ ಉಣ್ಣುತ್ತಿದ್ದವರಿಗಿಂತ ಆರನೇ ತಿಂಗಳಲ್ಲಿ ಹೆಚ್ಚು, ಎಂಟನೇ ತಿಂಗಳಲ್ಲಿ ಕಡಿಮೆ ಓಕರಿಸಿದ್ದರು. ಉಸಿರು ಕಟ್ಟಿದ ಪ್ರಸಂಗಗಳಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಗೆಣಸು ತಿನ್ನುತ್ತಿರುವ ಮಗುವನ್ನೇ ಹತ್ತಿರದಿಂದ ನೋಡಬಹುದು. ಹಲ್ಲಿಲ್ಲದ ವಸಡಿನಿಂದ ಒತ್ತಿ ಒಂದು ಚೂರು ಮುರಿದುಕೊಳ್ಳುತ್ತದೆ. ಚೂರು ನಾಲಗೆಯ ಮೇಲೆ ಹಿಂದೆ ಜಾರಿದೊಡನೆ ಬಾಯಿ ಅಗಲಿಸಿ, ನಾಲಗೆ ಹೊರಚಾಚಿ ‘ವ್ಯಾಕ್’ ಎನ್ನುತ್ತದೆ. ಮುಖ ಕೆಂಪೇರುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಕೆಲವೊಮ್ಮೆ ಸ್ವಲ್ಪ ವಾಂತಿಯೂ ಆಗುತ್ತದೆ. ಕೆಲವು ಕ್ಷಣಗಳಲ್ಲಿ ಚೂರು ಮುಂದೆ ಬಂದು ಗದ್ದದ ಮೇಲೆ ಬೀಳುತ್ತದೆ. ಎಷ್ಟೋ ಮಕ್ಕಳು ಅದನ್ನೇ ಎತ್ತಿ ಮತ್ತೆ ಬಾಯಿಗಿಡುತ್ತವೆ. ಇಲ್ಲಿ ದೊಡ್ಡವರ ಕೆಲಸ ಮಗುವನ್ನು ನೆಟ್ಟಗೆ ಕೂರಿಸಿ ನೋಡುತ್ತಿರುವುದಷ್ಟೇ. ಕೈ ಕಟ್ಟಿ ಕೂರುವುದು ಕಷ್ಟವೇ, ಆದರೆ ಬೆರಳು ಹಾಕಿ ಕೆದಕಿದರೆ ಮುಂದೆ ಬರುತ್ತಿದ್ದ ಚೂರು ಹಿಂದಕ್ಕೆ ತಳ್ಳಲ್ಪಡುತ್ತದೆ.

ಜೋರಾಗಿ ಕೆಮ್ಮುತ್ತಿರುವ ಮಗುವನ್ನೂ ಕೆಮ್ಮಲು ಬಿಡಬೇಕು. ‘ನೆತ್ತಿ ಹತ್ತಿತು’ ಎಂದು ತಲೆ ತಟ್ಟುವುದರಿಂದ ತುಂಡು ಹೊರಬರುವುದಿಲ್ಲ. ಆಗ ನೀರು ಕುಡಿಸುವುದಂತೂ ಅಪಾಯಕರ.

ಉಸಿರು ಕಟ್ಟಿದಾಗ ಕಾಣುವ ನೋಟವೇ ಬೇರೆ. ಮಗುವಿನ ಶ್ವಾಸನಾಳ ಹೆಚ್ಚುಕಡಿಮೆ ಅದರ ಕಿರುಬೆರಳಿನಷ್ಟೇ ದಪ್ಪ. ಇಡೀ ದ್ರಾಕ್ಷಿ ಗಂಟಲಿಗಿಳಿದರೆ ಸೀಸೆಗೆ ಬಿರಡೆ ಹಾಕಿದ ಹಾಗೆ ಉಸಿರಿನ ದಾರಿ ಮುಚ್ಚುತ್ತದೆ. ಗಾಳಿಯಾಡದಿದ್ದರೆ ದನಿ ಹುಟ್ಟದು. ಮಗು ಬಾಯಿ ತೆರೆದರೂ ಅಳು ಕೇಳಿಸುವುದಿಲ್ಲ, ಕೆಮ್ಮು ಕ್ಷೀಣವಾಗಿರುತ್ತದೆ ಇಲ್ಲವೇ ನಿಂತೇಹೋಗಿರುತ್ತದೆ. ದಾರಿ ಅರ್ಧ ಮುಚ್ಚಿದ್ದರೆ ಉಸಿರೆಳೆಯುವಾಗ ಸಣ್ಣ ಸಿಳ್ಳೆಯಂಥ ಸದ್ದು ಕೇಳಬಹುದು. ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇದುತ್ತದೆ. ತುಟಿ ನೀಲಿಗಟ್ಟುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಇದನ್ನು ವಸಡು, ತುಟಿಯ ಒಳಭಾಗ ಮತ್ತು ಉಗುರಿನಲ್ಲಿ ನೋಡಬೇಕು. ಬಣ್ಣ ಬದಲಾಗುವವರೆಗೆ ಕಾಯಬಾರದು, ಸದ್ದು ನಿಂತದ್ದೇ ಸಾಕಷ್ಟು ಸೂಚನೆ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತವರಿಗೆ ಓಕರಿಕೆ ಕೇಳಿಸುತ್ತದೆ, ಇದು ಕೇಳಿಸುವುದಿಲ್ಲ. ತಿನ್ನುವ ಮಗುವಿನ ಎದುರೇ ಕೂರಬೇಕೆನ್ನುವುದು ಇದಕ್ಕಾಗಿ.

ಆಗ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಂತೆ ಇನ್ನೊಬ್ಬರು ಚಿಕಿತ್ಸೆ ಶುರುಮಾಡಬೇಕು. ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ದವಡೆಗೆ ಕೈ ಆಸರೆ ಕೊಟ್ಟು, ತಲೆ ಎದೆಗಿಂತ ತಗ್ಗಿರುವಂತೆ ಹಿಡಿಯಬೇಕು. ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು. ತುಂಡು ಹೊರಬರದಿದ್ದರೆ ಮಗುವನ್ನು ಅಂಗಾತ ತಿರುಗಿಸಿ, ಎದೆಯ ನಡುವೆ ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ 5 ಸಲ ಒತ್ತಬೇಕು. ತುಂಡು ಬರುವವರೆಗೆ ಅಥವಾ ಮಗು ಅಳುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮುಂದುವರಿಸಬೇಕು. ಈ ವಯಸ್ಸಿನಲ್ಲಿ ಹೊಟ್ಟೆ ಒತ್ತಬಾರದು, ಯಕೃತ್ತಿಗೆ ಪೆಟ್ಟಾದೀತು. ಮಗು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್ ಆರಂಭಿಸಬೇಕು. ಬಾಯಲ್ಲಿ ತುಂಡು ಕಣ್ಣಿಗೆ ಕಂಡರೆ ಮಾತ್ರ ಬೆರಳಿನಿಂದ ತೆಗೆಯಬಹುದು.

ಅಪಾಯ ಬಹುಮಟ್ಟಿಗೆ ತುಂಡಿನ ಗುಣದಲ್ಲೇ ಇದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ನುಣ್ಣಗಾಗುವ ಗೆಣಸು, ಸಿಹಿಗುಂಬಳವನ್ನು ಬೆರಳುದ್ದಕ್ಕೆ ಹೆಚ್ಚಿಕೊಡಬಹುದು. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ ಸಲ್ಲವು.

ಕಡಲೆಕಾಯಿ ಬೀಜದ ಚೂರು ಇನ್ನೊಂದು ಮೋಸವನ್ನೂ ಮಾಡುತ್ತದೆ. ಶ್ವಾಸನಾಳ ದಾಟಿ ಒಂದು ಕಡೆಯ ಕವಲಿನಲ್ಲಿ ಅದು ಕೂತರೆ ಮಗು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ಎಲ್ಲ ಸರಿಹೋಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ದಿನಗಳ ಮೇಲೆ ಬಿಡದ ಕೆಮ್ಮು, ಒಂದೇ ಪಕ್ಕದಲ್ಲಿ ಗೊರಗೊರ, ಜ್ವರ ಕಾಣಿಸಿಕೊಳ್ಳುತ್ತವೆ. ಎಕ್ಸ್‌ರೇಯಲ್ಲಿ ಬೀಜದ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ. ಹೀಗಾಗಿ ಆ ದಿನ ತಿನ್ನುವಾಗ ಕೆಮ್ಮು ಬಂದಿತ್ತೆಂಬ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬೆನ್ನಿಗೆ ಹೊಡೆದು, ಎದೆ ಒತ್ತಿ ತುಂಡು ತೆಗೆಸಿದ ಮಗುವನ್ನೂ ಅದು ನಗುತ್ತಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು.