ಎರಡು ಜೋಡಿ ಅಕ್ಷರ, ಹದಿನಾರು ಮನೆ

ಪಿಯುಸಿ ಜೀವಶಾಸ್ತ್ರದ ಪಾಠದಲ್ಲಿ ತಳಿವಿಜ್ಞಾನದ ಸ್ಲೈಡ್ ಬಂತೆಂದರೆ ಪರದೆಯ ತುಂಬ ಮನೆಗಳಿರುವ ಒಂದು ಚೌಕ ಕಾಣಿಸುತ್ತದೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು 16 ಮನೆ. ಪ್ರತಿ ಮನೆಯಲ್ಲೂ ನಾಲ್ಕು ಅಕ್ಷರ. ಕೆಳಗಡೆ 9:3:3:1 ಎಂಬ ಉತ್ತರ. ವಿದ್ಯಾರ್ಥಿಗಳು ಅದನ್ನು ಹಾಗೇ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ತಂದೆತಾಯಿ ಗಿಡಗಳ ಅಕ್ಷರ ಒಂದಿಷ್ಟು ಬದಲಾದರೆ ಸಾಕು, ಕೈ ನಿಂತುಬಿಡುತ್ತದೆ. ಬಾಯಿಪಾಠವಾದದ್ದು ಉತ್ತರವೇ ಹೊರತು, ಅದು ಹುಟ್ಟಿದ ದಾರಿಯಲ್ಲ.

ಆ ದಾರಿಯನ್ನು ತೋರಿಸಿದವನು ಗ್ರೆಗರ್ ಮೆಂಡೆಲ್. ಈಗ ಚೆಕ್ ದೇಶದಲ್ಲಿರುವ ಬ್ರನೋ ಊರಿನ ಮಠದ ತೋಟದಲ್ಲಿ ಬಟಾಣಿ ಬೆಳೆದು, 1865ರಲ್ಲಿ ತನ್ನ ಲೆಕ್ಕವನ್ನು ಊರಿನ ವಿಜ್ಞಾನ ಸಭೆಯ ಮುಂದಿಟ್ಟ. ದುಂಡನೆಯ ಹಳದಿ ಬೀಜದ ಶುದ್ಧ ತಳಿಯನ್ನು ಸುಕ್ಕುಗಟ್ಟಿದ ಹಸಿರು ಬೀಜದ ಶುದ್ಧ ತಳಿಯೊಂದಿಗೆ ಕೂಡಿಸಿದ. ಹುಟ್ಟಿದ ಬೀಜಗಳೆಲ್ಲ ದುಂಡಗೆ, ಹಳದಿಯಾಗಿದ್ದವು. ಅವನ್ನು ಬಿತ್ತಿ ಬೆಳೆದ 15 ಗಿಡಗಳು ತಮ್ಮಲ್ಲೇ ಪರಾಗಸ್ಪರ್ಶಗೊಂಡು 556 ಬೀಜ ಕೊಟ್ಟವು. ಬಟಾಣಿಯಲ್ಲಿ ಒಂದು ಅನುಕೂಲವಿದೆ: ಬೀಜದ ಆಕಾರವೂ ಒಳಗಿನ ಬೇಳೆಯ ಬಣ್ಣವೂ ಮುಂದಿನ ಪೀಳಿಗೆಗೇ ಸೇರಿದ್ದು. ಆದ್ದರಿಂದ ತಾಯಿಗಿಡದ ಒಂದೇ ಕಾಯಿ ಬಿಡಿಸಿದರೂ ದುಂಡು, ಸುಕ್ಕು, ಹಳದಿ, ಹಸಿರು ಬೀಜಗಳು ಅಕ್ಕಪಕ್ಕ ಕೂತಿರುವುದನ್ನು ನೋಡಬಹುದು. ಮತ್ತೆ ಬಿತ್ತಿ ಕಾಯಬೇಕಿಲ್ಲ.

ಅವನು ಎಣಿಸಿದಾಗ ಸಿಕ್ಕಿದ್ದು: ದುಂಡು ಹಳದಿ 315, ಸುಕ್ಕು ಹಳದಿ 101, ದುಂಡು ಹಸಿರು 108, ಸುಕ್ಕು ಹಸಿರು 32.

ಈ ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ನೋಡಿದರೆ ಏನೂ ಹೊಳೆಯುವುದಿಲ್ಲ. ಬಣ್ಣವನ್ನು ಮರೆತು ಆಕಾರವನ್ನಷ್ಟೇ ಎಣಿಸಿ: ದುಂಡು 423, ಸುಕ್ಕು 133. ಆಕಾರವನ್ನು ಮರೆತು ಬಣ್ಣವನ್ನು ಎಣಿಸಿ: ಹಳದಿ 416, ಹಸಿರು 140. ಎರಡೂ ಕಡೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಅಂದರೆ ಆಕಾರದ ಪಾಡಿಗೆ ಆಕಾರ, ಬಣ್ಣದ ಪಾಡಿಗೆ ಬಣ್ಣ ಹಂಚಿಕೆಯಾಗಿವೆ. ಹಾಗಿದ್ದ ಮೇಲೆ ಗುಣಿಸಿದರೆ ಆಯಿತು. ದುಂಡಾಗುವ ಸಂಭವ ನಾಲ್ಕರಲ್ಲಿ ಮೂರು, ಹಳದಿಯಾಗುವ ಸಂಭವವೂ ನಾಲ್ಕರಲ್ಲಿ ಮೂರು. ಎರಡೂ ಒಟ್ಟಿಗೆ ಬರುವ ಸಂಭವ 16ರಲ್ಲಿ 9. ಸುಕ್ಕು ಹಸಿರಿನ ಪಾಲು ಕಾಲರಲ್ಲಿ ಕಾಲು, ಅಂದರೆ 16ರಲ್ಲಿ 1. ಉಳಿದ ಎರಡು ಬಗೆಗಳಿಗೆ ಮೂರು ಮೂರು. ಈ ಲೆಕ್ಕದಂತೆ 556 ಬೀಜಗಳಲ್ಲಿ ಸುಮಾರು 313, 104, 104, 35 ಬರಬೇಕು. ಮೆಂಡೆಲನ ಎಣಿಕೆ ಅದರ ಪಕ್ಕದಲ್ಲೇ ಇದೆ.

16 ಮನೆಯ ಚೌಕವೂ ಇದನ್ನೇ ಹೇಳುತ್ತದೆ, ಆದರೆ ಸುತ್ತುಬಳಸಿ. ನನ್ನ ಮಟ್ಟಿಗೆ, ಚೌಕವನ್ನು ಒಮ್ಮೆ ಕೈಯಾರೆ ಬರೆದು ನೋಡಬೇಕು. ಆಮೇಲೆ ಗುಣಾಕಾರವನ್ನೇ ನೆಚ್ಚಿಕೊಳ್ಳಬೇಕು.

ಈಗ ಸ್ಲೈಡಿನಲ್ಲಿ ತಂದೆತಾಯಿಗಳು ಬೇರೆಯಾಗಿವೆ ಎಂದುಕೊಳ್ಳೋಣ: ಒಂದು ಗಿಡ RrYy, ಇನ್ನೊಂದು Rryy. ಇಲ್ಲಿ R ದುಂಡಿಗೆ, r ಸುಕ್ಕಿಗೆ, Y ಹಳದಿಗೆ, y ಹಸಿರಿಗೆ. ದೊಡ್ಡ ಅಕ್ಷರ ಒಂದಿದ್ದರೂ ಅದರ ಗುಣವೇ ಹೊರಗೆ ಕಾಣುತ್ತದೆ. ಜೋಡಿಗಳನ್ನು ಬಿಡಿಸಿಡಿ. ಆಕಾರದಲ್ಲಿ Rr ಮತ್ತು Rr ಕೂಡಿದರೆ ದುಂಡು ಮೂರು, ಸುಕ್ಕು ಒಂದು. ಬಣ್ಣದಲ್ಲಿ Yy ಮತ್ತು yy ಕೂಡಿದರೆ ಹಳದಿ ಅರ್ಧ, ಹಸಿರು ಅರ್ಧ. ಗುಣಿಸಿದರೆ ದುಂಡು ಹಳದಿ ಎಂಟರಲ್ಲಿ ಮೂರು, ದುಂಡು ಹಸಿರು ಮೂರು, ಸುಕ್ಕು ಹಳದಿ ಒಂದು, ಸುಕ್ಕು ಹಸಿರು ಒಂದು. ಉತ್ತರ 3:3:1:1.

ಚೌಕ ಬರೆದೇ ತೀರಬೇಕೆಂದರೆ ಹೆಚ್ಚಿನವರು ಎಡವುವುದು ಅದರ ಅಂಚಿನಲ್ಲಿ, ಲಿಂಗಾಣುಗಳನ್ನು ಬರೆಯುವಾಗ. ಒಂದು ಪರಾಗ ಕಣವೋ ಅಂಡವೋ ಪ್ರತಿ ಜೋಡಿಯಿಂದ ಒಂದೇ ಅಕ್ಷರವನ್ನು ಒಯ್ಯುತ್ತದೆ. RrYy ಗಿಡದಿಂದ RY, Ry, rY, ry ಎಂಬ ನಾಲ್ಕು ಬಗೆ. Rryy ಗಿಡದಿಂದ Ry, ry ಎಂಬ ಎರಡೇ ಬಗೆ. ಚೌಕಕ್ಕೆ 8 ಮನೆ ಸಾಕು. ಅಂಚಿನಲ್ಲಿ Rr ಎಂದೋ yy ಎಂದೋ ಒಂದೇ ಜೋಡಿಯ ಎರಡು ಅಕ್ಷರ ಒಟ್ಟಿಗೆ ಕಂಡರೆ ಅಲ್ಲೇ ತಪ್ಪಿದೆ ಎಂದು ತಿಳಿಯಿರಿ. ಒಳಗಿನ ಮನೆಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಅಕ್ಷರ ಬಿದ್ದರೂ ಕಾರಣ ಅದೇ.

9:3:3:1ರ ಆ ಒಂಬತ್ತರೊಳಗೂ ಒಂದು ಹಂಚಿಕೆ ಅಡಗಿದೆ. ದುಂಡು ಹಳದಿ ಬೀಜಗಳು ಹೊರಗೆ ಒಂದೇ ತೆರ ಕಂಡರೂ ಒಳಗಿನ ಅಕ್ಷರಗಳು ನಾಲ್ಕು ಬಗೆ: RRYY ಒಂದು ಪಾಲು, RRYy ಎರಡು, RrYY ಎರಡು, RrYy ನಾಲ್ಕು. ಮೆಂಡೆಲ್ ಇದನ್ನೂ ಕಾಗದದ ಮೇಲೆ ಬಿಡಲಿಲ್ಲ. 315 ದುಂಡು ಹಳದಿ ಬೀಜಗಳಿಂದ ಬೆಳೆದು ಬೀಜ ಕಟ್ಟಿದ 301 ಗಿಡಗಳ ಸಂತಾನವನ್ನು ಪರೀಕ್ಷಿಸಿದ. 38 ಗಿಡಗಳು ಬರೀ ದುಂಡು ಹಳದಿ ಬೀಜ ಬಿಟ್ಟವು. 65 ಗಿಡಗಳಲ್ಲಿ ಬೀಜ ಎಲ್ಲ ದುಂಡು, ಆದರೆ ಬಣ್ಣ ಎರಡು. 60ರಲ್ಲಿ ಎಲ್ಲ ಹಳದಿ, ಆದರೆ ಆಕಾರ ಎರಡು. 138 ಗಿಡಗಳಲ್ಲಿ ನಾಲ್ಕೂ ಬಗೆ ಕಾಣಿಸಿಕೊಂಡವು. 1:2:2:4ರ ಲೆಕ್ಕಕ್ಕೆ ಬರಬೇಕಿದ್ದದ್ದು ಸುಮಾರು 33, 67, 67, 134. ಇಡೀ ಪ್ರಯೋಗದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕಣ್ಣಿಗೆ ಕಾಣದ ಅಕ್ಷರಗಳು ನಿಜವಾಗಿ ಇವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಆ ಕಾಲದಲ್ಲಿ ಬೇರೆ ಇರಲಿಲ್ಲ. ದುಂಡು ಹಳದಿ ಬೀಜವೊಂದನ್ನು ಕಂಡು ಅದು ಶುದ್ಧ ತಳಿ ಎಂದುಕೊಂಡರೆ ಒಂಬತ್ತರಲ್ಲಿ ಎಂಟು ಸಲ ತಪ್ಪುತ್ತೇವೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಗುಣಾಕಾರ ನಡೆಯಬೇಕಾದರೆ ಒಂದು ಷರತ್ತಿದೆ. ಒಂದು ಜೋಡಿಯ ಯಾವ ಅಕ್ಷರ ಲಿಂಗಾಣುವಿಗೆ ಹೋಯಿತು ಎಂಬುದು ಇನ್ನೊಂದು ಜೋಡಿಯ ಮೇಲೆ ಪರಿಣಾಮ ಬೀರಬಾರದು. ಬಟಾಣಿಯ ಆಕಾರದ ಜೀನ್ ಮತ್ತು ಬಣ್ಣದ ಜೀನ್ ಬೇರೆ ಬೇರೆ ಕ್ರೋಮೋಸೋಮುಗಳ ಮೇಲಿವೆ, ಆದ್ದರಿಂದ ಷರತ್ತು ಪಾಲನೆಯಾಯಿತು. ಎಲ್ಲ ಜೀನ್‌ಗಳೂ ಹೀಗಿರುವುದಿಲ್ಲ.

20ನೇ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪುನ್ನೆಟ್ ಇದೇ ಬಗೆಯ ಪ್ರಯೋಗವನ್ನು ಸ್ವೀಟ್ ಪೀ ಹೂಗಿಡದಲ್ಲಿ ಮಾಡಿದರು. ಸ್ಲೈಡಿನ ಚೌಕಕ್ಕೆ ಅಂಟಿಕೊಂಡಿರುವುದು ಈ ಪುನ್ನೆಟ್ಟನ ಹೆಸರೇ. ನೇರಳೆ ಹೂವು, ಉದ್ದನೆಯ ಪರಾಗ ಕಣ ಒಂದು ಕಡೆ; ಕೆಂಪು ಹೂವು, ದುಂಡನೆಯ ಪರಾಗ ಕಣ ಇನ್ನೊಂದು ಕಡೆ. ಎರಡನೆಯ ಪೀಳಿಗೆಯ 381 ಗಿಡಗಳಲ್ಲಿ ನೇರಳೆ ಉದ್ದ 284, ನೇರಳೆ ದುಂಡು 21, ಕೆಂಪು ಉದ್ದ 21, ಕೆಂಪು ದುಂಡು 55 ಸಿಕ್ಕವು. 9:3:3:1ರ ಪ್ರಕಾರ ಸುಮಾರು 214, 71, 71, 24 ಬರಬೇಕಿತ್ತು. 71 ಇರಬೇಕಾದಲ್ಲಿ 21 ಎಂದರೆ ಅದು ಆಕಸ್ಮಿಕದ ಏರುಪೇರಲ್ಲ. ಸೊನ್ನೆಯೂ ಅಲ್ಲ.

ಯಾವ ಕಡೆಗೆ ವಾಲಿದೆ ಎಂದು ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಮೊದಲು ಕೂಡಿಸಿದ ಗಿಡಗಳಂತೆಯೇ ಇರುವ ಎರಡು ಬಗೆಗಳು ಮಿತಿಮೀರಿವೆ. ಗುಣಗಳು ಅದಲುಬದಲಾಗಿ ಬೆರೆತ ಎರಡು ಬಗೆಗಳು ಕಡಿಮೆಯಾಗಿವೆ. ಅಮೆರಿಕದಲ್ಲಿ ಹಣ್ಣುನೊಣಗಳ ಮೇಲೆ ಕೆಲಸ ಮಾಡುತ್ತಿದ್ದ ಥಾಮಸ್ ಹಂಟ್ ಮಾರ್ಗನ್ ಇದಕ್ಕೆ ವಿವರಣೆ ಕೊಟ್ಟ: ಎರಡು ಜೀನ್‌ಗಳು ಒಂದೇ ಕ್ರೋಮೋಸೋಮಿನ ಮೇಲಿದ್ದರೆ ಸಾಮಾನ್ಯವಾಗಿ ಜೊತೆಯಾಗಿಯೇ ಸಾಗುತ್ತವೆ, ಆಗೀಗ ಜೋಡಿ ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಂಡಾಗ ಮಾತ್ರ ಬೇರ್ಪಡುತ್ತವೆ. ನಡುವಿನ ದೂರ ಹೆಚ್ಚಿದಷ್ಟೂ ಬೇರ್ಪಡುವುದು ಹೆಚ್ಚು. ಅವನ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟೆವಂಟ್ ಇದೇ ಅಳತೆಯನ್ನು ಬಳಸಿ, ಹಣ್ಣುನೊಣದ ಒಂದು ಕ್ರೋಮೋಸೋಮಿನ ಮೇಲೆ ಜೀನ್‌ಗಳು ಯಾವ ಸಾಲಿನಲ್ಲಿ, ಎಷ್ಟೆಷ್ಟು ದೂರದಲ್ಲಿವೆ ಎಂಬ ಮೊದಲ ನಕ್ಷೆಯನ್ನು 1913ರಲ್ಲಿ ಪ್ರಕಟಿಸಿದ.