ಉಡುಗೊರೆಯ ಚಿನ್ನದ ನಾಣ್ಯ ಮತ್ತು ಬೆಳ್ಳಿ ಸಾಮಾನು

ಉಡುಗೊರೆಯ ಚಿನ್ನದ ನಾಣ್ಯ ಎಂದರೆ ನಾಮಕರಣ, ಉಪನಯನ, ಮದುವೆ, ಗೃಹಪ್ರವೇಶ ಮೊದಲಾದ ಸಂದರ್ಭಗಳಲ್ಲಿ ಕೊಡಲು ಕೊಳ್ಳುವ, ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಹತ್ತು ಗ್ರಾಂ ತೂಕದ ಚಿನ್ನದ ಬಿಲ್ಲೆ. ಇದನ್ನು ನಾಣ್ಯ ಎಂದು ಕರೆದರೂ ಇದು ಚಲಾವಣೆಯ ಹಣವಲ್ಲ. ಭಾರತದಲ್ಲಿ ಹಣವಾಗಿ ನಾಣ್ಯ ಹೊರಡಿಸುವ ಅಧಿಕಾರ 2011ರ ನಾಣ್ಯ ಕಾಯಿದೆಯಂತೆ ಕೇಂದ್ರ ಸರ್ಕಾರಕ್ಕೆ ಮಾತ್ರ ಇದೆ. ಇದೇ ಸಂದರ್ಭಗಳಲ್ಲಿ ಬೆಳ್ಳಿಯ ಬಟ್ಟಲು, ಒಳಲೆ, ಕುಂಕುಮದ ಭರಣಿ, ದೀಪ, ಮಗುವಿನ ಕಡಗ, ಕಾಲ್ಗೆಜ್ಜೆಗಳನ್ನೂ ಕೊಡುವ ರೂಢಿ ಕರ್ನಾಟಕದಲ್ಲಿದೆ.

ಉಡುಗೊರೆಯ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಕೊಂಡವರು ಅದನ್ನು ಬಳಸುವುದಿಲ್ಲ. ಪಡೆದವರು ಅದರ ಬಗ್ಗೆ ಪ್ರಶ್ನಿಸುವುದಿಲ್ಲ. ಶುದ್ಧತೆಯಲ್ಲಿ ಕೊರತೆ ಇದ್ದರೆ ಅದು ಹಲವು ವರ್ಷಗಳ ನಂತರ, ಹಣದ ಅಗತ್ಯ ಬಿದ್ದು ಮಾರಲು ಹೋದಾಗ ಬೆಳಕಿಗೆ ಬರುತ್ತದೆ. ಆ ಹೊತ್ತಿಗೆ ಬಿಲ್ ಎಲ್ಲಿದೆಯೆಂದು ಯಾರಿಗೂ ತಿಳಿದಿರುವುದಿಲ್ಲ.

ಶುದ್ಧತೆಯ ಅಳತೆ

ಚಿನ್ನದ ಶುದ್ಧತೆಯನ್ನು ಕ್ಯಾರೆಟ್‌ನಲ್ಲಿಯೂ ಸಾವಿರಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿಯೂ ಹೇಳಲಾಗುತ್ತದೆ. 24 ಭಾಗಗಳಲ್ಲಿ 24 ಭಾಗವೂ ಚಿನ್ನವಾಗಿದ್ದರೆ ಅದು 24 ಕ್ಯಾರೆಟ್, ಅಂದರೆ ಕನ್ನಡದ ಹಳೆಯ ಮಾತಿನಲ್ಲಿ ಅಪರಂಜಿ. 22 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಮೊದಲಾದ ಲೋಹಗಳಾದರೆ 22 ಕ್ಯಾರೆಟ್. ಸಾವಿರಕ್ಕೆ 916 ಭಾಗ. ಶುದ್ಧ ಚಿನ್ನ ಮೃದುವಾದುದರಿಂದ ಆಭರಣಕ್ಕೆ ಮಿಶ್ರಲೋಹ ಬೇಕಾಗುತ್ತದೆ. ನಾಣ್ಯವನ್ನು ಧರಿಸುವುದಿಲ್ಲವಾದ್ದರಿಂದ ಅದನ್ನು 999 ಅಥವಾ 995 ಶುದ್ಧತೆಯಲ್ಲಿ ಮುದ್ರಿಸುತ್ತಾರೆ. ಆದರೆ ಅಂಗಡಿಗಳಲ್ಲಿ 22 ಕ್ಯಾರೆಟ್‌ನ ಬಿಲ್ಲೆಗಳೂ ದೊರೆಯುತ್ತವೆ, ಮತ್ತು ಎರಡನ್ನೂ ಒಂದೇ ಬಗೆಯ ಕೆಂಪು ಡಬ್ಬಿಯಲ್ಲಿಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಹಳೆಯ ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ ಕೆಡಿಎಂ ಎಂಬುದು ಶುದ್ಧತೆಯ ಗುರುತಲ್ಲ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯನ್ನು ಸೂಚಿಸುವ ಮಾತು. ಕ್ಯಾಡ್ಮಿಯಂನ ಹೊಗೆ ಅಕ್ಕಸಾಲಿಗರ ಆರೋಗ್ಯಕ್ಕೆ ಹಾನಿಕರ.

ಹಾಲ್‌ಮಾರ್ಕ್ ಮತ್ತು ಅದರ ಮಿತಿ

ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಚಿನ್ನದ ಆಭರಣಗಳಿಗೆ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಹಾಲ್‌ಮಾರ್ಕ್ ಪದ್ಧತಿಯನ್ನು ಆರಂಭಿಸಿತು. ಚಿನ್ನದ ಆಭರಣಗಳಿಗೆ ಇದು 2021ರ ಜೂನ್ ತಿಂಗಳಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು; ಆಮೇಲೆ ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಿತು. ಈಗಿನ ಹಾಲ್‌ಮಾರ್ಕ್‌ನಲ್ಲಿ ಮೂರು ಅಂಶಗಳಿವೆ: ಬ್ಯೂರೋದ ತ್ರಿಕೋನಾಕಾರದ ಚಿಹ್ನೆ, 22K916 ಎಂಬಂತಹ ಶುದ್ಧತೆಯ ಗುರುತು, ಹಾಗೂ ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. ಈ ಸಂಖ್ಯೆ ಪ್ರತಿಯೊಂದು ವಸ್ತುವಿಗೂ ಬೇರೆಯಾಗಿರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಗಳನ್ನು ಈ ಸಂಖ್ಯೆ ಇಲ್ಲದೆ ಮಾರುವಂತಿಲ್ಲ.

ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಎಚ್‌ಯುಐಡಿಯನ್ನು ನಮೂದಿಸಿದರೆ ಹಾಲ್‌ಮಾರ್ಕ್ ಮಾಡಿಸಿದ ಆಭರಣ ವ್ಯಾಪಾರಿಯ ವಿವರ, ಪರೀಕ್ಷೆ ನಡೆಸಿದ ಕೇಂದ್ರ, ವಸ್ತುವಿನ ಬಗೆ ಮತ್ತು ಶುದ್ಧತೆ ಕಾಣುತ್ತವೆ. ಸಂಖ್ಯೆ ಆ್ಯಪ್‌ನಲ್ಲಿ ಸಿಕ್ಕಿತೆಂಬುದಷ್ಟೇ ಸಾಲದು. ಕೈಯಲ್ಲಿರುವುದು ಪದಕವಾಗಿದ್ದು ಆ್ಯಪ್ ಉಂಗುರವೆಂದು ತೋರಿಸಿದರೆ, ಬೇರೊಂದು ವಸ್ತುವಿನ ಸಂಖ್ಯೆಯನ್ನು ಇದರ ಮೇಲೆ ಕೊರೆದಿರುವ ಸಂಶಯಕ್ಕೆ ಎಡೆಯಿದೆ. ಗುರುತುಗಳು ಬಹಳ ಚಿಕ್ಕವು. ಅವನ್ನು ಓದಲು ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ನೋಂದಾಯಿತ ಅಂಗಡಿಯವರು ಗ್ರಾಹಕರಿಗಾಗಿ ಇಟ್ಟಿರಬೇಕು.

ಉಡುಗೊರೆ ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ, ಈ ಕಡ್ಡಾಯ ನಿಯಮ ನಾಣ್ಯಕ್ಕೆ ಅನ್ವಯಿಸುವುದಿಲ್ಲ. ಹಾಲ್‌ಮಾರ್ಕ್ ಆದೇಶವು ಗಟ್ಟಿ, ತಗಡು, ತಂತಿ, ನಾಣ್ಯ ಮೊದಲಾದ ರೂಪದ ಚಿನ್ನವನ್ನು ಕಡ್ಡಾಯದಿಂದ ಹೊರಗಿಟ್ಟಿದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಆಭರಣಕ್ಕೂ, ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗಳಿಗೂ ವಿನಾಯಿತಿ ಇದೆ. ಹೀಗಾಗಿ ಮಗುವಿಗೆ ಕೊಳ್ಳುವ ಒಂದು ಗ್ರಾಮಿನ ಉಂಗುರ, ಚಿಕ್ಕ ನಾಣ್ಯ ಇವೆರಡೂ ಕಾನೂನಿನ ರಕ್ಷಣೆ ತೆಳುವಾಗಿರುವ ಜಾಗದಲ್ಲಿಯೇ ಇವೆ. ‘ನಮ್ಮಲ್ಲಿ ಎಲ್ಲವೂ ಹಾಲ್‌ಮಾರ್ಕ್’ ಎಂಬ ಅಂಗಡಿಯ ಫಲಕವನ್ನು ನಾಣ್ಯಕ್ಕೂ ಅನ್ವಯಿಸಿ ಓದಬಾರದು.

ನಾಣ್ಯದ ಖಾತರಿ ಬೇರೆ ದಾರಿಯಿಂದ ಬರುತ್ತದೆ. ಬ್ಯೂರೋದ ಪರವಾನಗಿ ಪಡೆದ ಸಂಸ್ಕರಣಾಗಾರ ಅಥವಾ ಟಂಕಸಾಲೆ ತಾನೇ ಮುದ್ರಿಸಿದ ನಾಣ್ಯದ ಮೇಲೆ ತನ್ನ ಗುರುತು, ತೂಕ, ಶುದ್ಧತೆಗಳನ್ನು ಒತ್ತುತ್ತದೆ. ಅದನ್ನು ತೆರೆದರೆ ಗೊತ್ತಾಗುವಂತಹ ಮುದ್ರೆಯೊತ್ತಿದ ಕಾರ್ಡಿನಲ್ಲಿ ಭದ್ರಪಡಿಸಿ ಮಾರಲಾಗುತ್ತದೆ. 2015ರ ನವೆಂಬರ್ 5ರಂದು ಬಿಡುಗಡೆಯಾದ ‘ಇಂಡಿಯನ್ ಗೋಲ್ಡ್ ಕಾಯಿನ್’ ಇದಕ್ಕೊಂದು ಉದಾಹರಣೆ. ಅಶೋಕ ಚಕ್ರ ಮತ್ತು ಗಾಂಧೀಜಿಯ ಚಿತ್ರವುಳ್ಳ ಈ 999 ಶುದ್ಧತೆಯ ನಾಣ್ಯವನ್ನು ಸರ್ಕಾರಿ ಟಂಕಸಾಲೆಯಲ್ಲಿ ಮುದ್ರಿಸಿ ಎಂಎಂಟಿಸಿ ಮೂಲಕ ಮಾರಾಟಕ್ಕೆ ತರಲಾಯಿತು. ಕಾರ್ಡಿನ ಮೇಲೆ ಕ್ರಮಸಂಖ್ಯೆ ಇದ್ದರೆ ಅದು ಪ್ರಮಾಣಪತ್ರದ ಸಂಖ್ಯೆಗೆ ಹೊಂದಬೇಕು. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವ ಆಸೆಯಿಂದ ಕಾರ್ಡನ್ನು ಹರಿದರೆ ಈ ಖಾತರಿ ಅಲ್ಲಿಗೆ ಮುಗಿಯುತ್ತದೆ; ಆಮೇಲೆ ಮಾರುವಾಗ ಹೊಸದಾಗಿ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಬೆಲೆಯ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ 24 ಕ್ಯಾರೆಟ್ ಚಿನ್ನದ ದರ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡು ಎರಡು ಗ್ರಾಮಿನ ನಾಣ್ಯವನ್ನು ನೋಡಬಹುದು. ಚಿನ್ನದ ಬೆಲೆ 20,000 ರೂಪಾಯಿ. ಅಂಗಡಿಯವರು ಶೇ 5ರಷ್ಟು ಮಜೂರಿ ಹಾಕಿದರೆ ಇನ್ನೊಂದು ಸಾವಿರ. ಒಟ್ಟು ಮೊತ್ತದ ಮೇಲೆ ಶೇ 3ರಂತೆ ಜಿಎಸ್‌ಟಿ 630 ರೂಪಾಯಿ. ಕೊಳ್ಳುವವರು ತೆರುವುದು 21,630 ರೂಪಾಯಿ. ಅದೇ ದಿನ, ಅದೇ ದರದಲ್ಲಿ ಮರಳಿ ಮಾರಿದರೂ ಮಜೂರಿ ಮತ್ತು ತೆರಿಗೆ ಹಿಂದಿರುಗುವುದಿಲ್ಲ. ಹೆಚ್ಚೆಂದರೆ 20,000 ಬರುತ್ತದೆ. ಮಜೂರಿಯನ್ನು ಕೆಲವು ಕಡೆ ನಾಣ್ಯವೊಂದಕ್ಕೆ ಇಷ್ಟೆಂದು ನಿಗದಿ ಮಾಡಿರುತ್ತಾರೆ. ಆದ್ದರಿಂದ ನಾಣ್ಯ ಚಿಕ್ಕದಾದಷ್ಟೂ ಗ್ರಾಮಿನ ಲೆಕ್ಕದಲ್ಲಿ ಅದು ದುಬಾರಿ. ಎರಡು ಮಕ್ಕಳಿಗೆ ಅರ್ಧರ್ಧ ಗ್ರಾಂ ಕೊಳ್ಳುವಾಗ ಇದು ಎದ್ದು ಕಾಣುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಆಗುವುದು ಶುದ್ಧತೆ ಮತ್ತು ದರ ತಾಳೆಯಾಗದಿದ್ದಾಗ. ಅದೇ ಎರಡು ಗ್ರಾಮಿನ ನಾಣ್ಯ 916 ಆಗಿದ್ದರೆ ಅದರಲ್ಲಿರುವ ಶುದ್ಧ ಚಿನ್ನ 1.832 ಗ್ರಾಂ ಮಾತ್ರ; ಬೆಲೆ 18,320 ರೂಪಾಯಿ. ಅದಕ್ಕೆ 24 ಕ್ಯಾರೆಟ್ ದರ ಹಾಕಿದ್ದರೆ 1,680 ರೂಪಾಯಿ ಹೆಚ್ಚಾಗಿ ಹೋದಂತೆ. 999 ಮತ್ತು 995ರ ನಡುವಿನ ಅಂತರ ಮಾತ್ರ ಇಲ್ಲಿ ಕೇವಲ 80 ರೂಪಾಯಿ. ಅದರ ಬಗ್ಗೆ ಬಹಳ ಚಿಂತಿಸುವ ಅಗತ್ಯವಿಲ್ಲ. ಬಿಲ್‌ನಲ್ಲಿ ನಿವ್ವಳ ತೂಕ, ಶುದ್ಧತೆ, ಅನ್ವಯಿಸಿದ ದರ, ಮಜೂರಿ ಹಾಗೂ ತೆರಿಗೆ ಬೇರೆಬೇರೆಯಾಗಿ ಬರೆದಿದ್ದರೆ ಈ ವ್ಯತ್ಯಾಸ ಅಲ್ಲಿಯೇ ಕಾಣುತ್ತದೆ. ಚೀಟಿಯಲ್ಲಿ ಬರೆದುಕೊಟ್ಟ ಅಂದಾಜು ಲೆಕ್ಕ ಬಿಲ್ ಅಲ್ಲ.

ಬೆಳ್ಳಿ ಸಾಮಾನು

ಬೆಳ್ಳಿಗೆ ಹಾಲ್‌ಮಾರ್ಕ್ ಐಚ್ಛಿಕ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ. ಅದಕ್ಕಿಂತ ಹಿಂದಿನ ಹಾಲ್‌ಮಾರ್ಕ್ ಬೆಳ್ಳಿಯಲ್ಲಿ ಈ ಸಂಖ್ಯೆ ಇರುವುದಿಲ್ಲ. ಬೆಳ್ಳಿಯ ಶುದ್ಧತೆಯ ದರ್ಜೆಗಳು 800ರಿಂದ 999ರವರೆಗೆ ಏಳು. ಸ್ಟರ್ಲಿಂಗ್ ಎಂದು ಹೆಸರಾದ 925 ದರ್ಜೆಯಲ್ಲಿ ಸಾವಿರಕ್ಕೆ 75 ಭಾಗ ತಾಮ್ರ ಮೊದಲಾದ ಲೋಹವಿದ್ದು, ದಿನಬಳಕೆಯ ಬಟ್ಟಲಿಗೆ ಬೇಕಾದ ಗಡಸುತನ ಅದರಿಂದ ಬರುತ್ತದೆ. ನಾಣ್ಯಕ್ಕೆ 999 ಸೂಕ್ತ.

ಜರ್ಮನ್ ಬೆಳ್ಳಿ ಎಂಬ ಹೆಸರಿನ ಲೋಹದಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ತಾಂಬೂಲದ ತಟ್ಟೆಗಳಿಗೂ ಪೂಜಾ ಸಾಮಗ್ರಿಗಳಿಗೂ ಅದು ಒಳ್ಳೆಯದೇ, ಬೆಳ್ಳಿಯ ಬೆಲೆಗೆ ಕೊಂಡಾಗ ಮಾತ್ರ ಮೋಸ. ವಿಗ್ರಹ ಮತ್ತು ದೀಪಗಳಲ್ಲಿ ಬೇರೊಂದು ತೊಂದರೆ ಇದೆ. ಟೊಳ್ಳಾದ ವಿಗ್ರಹದೊಳಗೆ ಆಕಾರ ಉಳಿಯಲು ಅರಗು ಅಥವಾ ಮೇಣ ತುಂಬಿದ್ದರೆ, ಮರದ ಅಡಿಪಾಯ ಸೇರಿಸಿ ತೂಗಿದರೆ, ಅದೂ ಬೆಳ್ಳಿಯ ದರದಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂತಹ ವಸ್ತುವಿನ ನಿವ್ವಳ ಬೆಳ್ಳಿ ಎಷ್ಟೆಂದು ಬಿಲ್‌ನಲ್ಲಿ ಬರೆಸಿಕೊಳ್ಳಬೇಕು.

ಬೆಳ್ಳಿ ಕಪ್ಪಾಗುವುದು ಕಲಬೆರಕೆಯ ಲಕ್ಷಣವೆಂಬ ನಂಬಿಕೆ ಸರಿಯಲ್ಲ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಒಳ್ಳೆಯ ಬೆಳ್ಳಿಯೂ ಕಪ್ಪಾಗುತ್ತದೆ. ಅಯಸ್ಕಾಂತದ ಪರೀಕ್ಷೆಯೂ ಅಷ್ಟೆ: ಚಿನ್ನ, ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ.

ಪರೀಕ್ಷೆ

ಅಕ್ಕಸಾಲಿಗರು ಬಹುಕಾಲದಿಂದ ಬಳಸುವ ಒರೆಗಲ್ಲು, ಗೆರೆಯ ಬಣ್ಣದಿಂದ ಶುದ್ಧತೆಯನ್ನು ಅಂದಾಜು ಮಾಡುತ್ತದೆ. ಈಗ ಅಂಗಡಿಗಳಲ್ಲಿರುವ ಕ್ಯಾರೆಟ್ ಮೀಟರ್ ಎಕ್ಸ್-ಕಿರಣ ಬಳಸಿ ಕೆಲವೇ ಕ್ಷಣಗಳಲ್ಲಿ ಶೇಕಡಾವಾರು ಅಂಕಿ ಕೊಡುತ್ತದೆ. ಆದರೆ ಅದು ಓದುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ. ದಪ್ಪ ಲೇಪನವಿರುವ ವಸ್ತು ಅದನ್ನು ದಾರಿತಪ್ಪಿಸಬಲ್ಲದು. ನಿರ್ಣಾಯಕವಾದದ್ದು ಅಗ್ನಿಪರೀಕ್ಷೆ. ವಸ್ತುವಿನಿಂದ ತೆಗೆದ ಚೂರನ್ನು ತೂಗಿ, ಬೆಳ್ಳಿ ಮತ್ತು ಸೀಸದೊಂದಿಗೆ ಕಾಯಿಸಿ, ಇತರ ಲೋಹಗಳನ್ನು ಬೇರ್ಪಡಿಸಿ, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ, ಉಳಿದ ಚಿನ್ನವನ್ನು ಮತ್ತೆ ತೂಗುತ್ತಾರೆ. ಇದಕ್ಕೆ ವಸ್ತುವಿನ ಸ್ವಲ್ಪ ಭಾಗ ನಷ್ಟವಾಗುವುದರಿಂದ ಚಿಕ್ಕ ನಾಣ್ಯಕ್ಕೆ ಯಾರೂ ಸುಮ್ಮನೆ ಮಾಡಿಸುವುದಿಲ್ಲ. ಕೊಳ್ಳುವ ಮೊದಲಿನ ಎಚ್ಚರಕ್ಕೆ ಹೆಚ್ಚು ಬೆಲೆ ಬರುವುದು ಈ ಕಾರಣಕ್ಕೆ.

ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಗಳಲ್ಲಿ ಸಾರ್ವಜನಿಕರೂ ಶುಲ್ಕ ಕೊಟ್ಟು ತಮ್ಮ ಆಭರಣ ಪರೀಕ್ಷಿಸಿಕೊಳ್ಳಬಹುದು. ಹಾಲ್‌ಮಾರ್ಕ್ ಇರುವ ವಸ್ತುವಿನ ಶುದ್ಧತೆ ಗುರುತಿಗಿಂತ ಕಡಿಮೆ ಕಂಡುಬಂದರೆ, 2018ರ ಬಿಐಎಸ್ ನಿಯಮಗಳಂತೆ ಕೊರತೆಯ ಮೌಲ್ಯದ ಎರಡರಷ್ಟು ಮೊತ್ತ ಮತ್ತು ಪರೀಕ್ಷಾ ಶುಲ್ಕ ಗ್ರಾಹಕರಿಗೆ ಸಲ್ಲಬೇಕು. ಗುರುತೇ ಇಲ್ಲದ ನಾಣ್ಯಕ್ಕೆ ಈ ದಾರಿ ಇಲ್ಲ. ಆಗ ಬಿಲ್ ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತದೆ.

ಮಾರಾಟಗಾರರು

ಬಿಐಎಸ್ ನೋಂದಣಿಯನ್ನು ಪ್ರತಿ ಮಾರಾಟ ಮಳಿಗೆಗೆ ಪ್ರತ್ಯೇಕವಾಗಿ ಕೊಡಲಾಗುತ್ತದೆ. ಒಂದೇ ಹೆಸರಿನ ಇನ್ನೊಂದು ಶಾಖೆಗೆ ಅದು ತಾನಾಗಿಯೇ ಸಲ್ಲದು. ಬ್ಯಾಂಕಿನಲ್ಲಿ ಕೊಂಡ ನಾಣ್ಯದ ಶುದ್ಧತೆಯ ಬಗ್ಗೆ ಸಂಶಯ ಕಡಿಮೆ, ಆದರೆ ಬ್ಯಾಂಕುಗಳು ತಾವು ಮಾರಿದ ಚಿನ್ನವನ್ನು ಮರಳಿ ಕೊಳ್ಳುವುದಿಲ್ಲ. ಆಭರಣದ ಅಂಗಡಿಯವರು ಕೊಳ್ಳುತ್ತಾರೆ, ತಮ್ಮದಲ್ಲದ ನಾಣ್ಯಕ್ಕೆ ಕಡಿತ ಹಾಕಬಹುದು. ತಲೆಮಾರುಗಳ ಪರಿಚಯದ ಪತ್ತಾರರ ಬಳಿ ಬಿಲ್ ಇಲ್ಲದೆ ಕೊಳ್ಳುವ ರೂಢಿ ಹಳ್ಳಿ ಪಟ್ಟಣಗಳಲ್ಲಿ ಇನ್ನೂ ಇದೆ. ಆ ವಿಶ್ವಾಸ ಕೊಂಡವರಿಗೂ ಮಾರಿದವರಿಗೂ ನಡುವಿನದು. ಬೇರೆ ಊರಿನ ಮನೆಗೆ ಹೋದ ಉಡುಗೊರೆಯ ಜೊತೆ ಅದು ಹೋಗುವುದಿಲ್ಲ. ಆನ್‌ಲೈನ್ ಮಾರಾಟದಲ್ಲಿ ನಾಣ್ಯ ಮುದ್ರಿಸಿದವರ ಹೆಸರು, ಮುದ್ರೆ ಒಡೆಯದ ಕಾರ್ಡು, ಮಾರಾಟಗಾರರ ಜಿಎಸ್‌ಟಿ ಬಿಲ್ ಮೂರೂ ಬೇಕು.

ಬೆಲೆ ತಿಳಿಯಬಾರದೆಂಬ ಸಂಕೋಚದಿಂದ ಕೊಡುವವರು ಬಿಲ್ಲನ್ನು ತಮ್ಮಲ್ಲೇ ಇಟ್ಟುಕೊಳ್ಳುವುದುಂಟು. ಅಂತಹ ಸಂದರ್ಭದಲ್ಲಿ ತೂಕ, ಶುದ್ಧತೆ ಮತ್ತು ಅಂಗಡಿಯ ಹೆಸರು ಕಾಣುವ ಪ್ರಮಾಣಪತ್ರವನ್ನಾದರೂ ಡಬ್ಬಿಯಲ್ಲಿಟ್ಟು, ಬಿಲ್‌ನ ಪ್ರತಿಯನ್ನು ನಂತರ ಮನೆಯವರಿಗೆ ತಲುಪಿಸಲಾಗುತ್ತದೆ.