ಬೆಳ್ಳಿ ತಂತಿ, ಎರಡು ಬೀಕರು ಮತ್ತು 59 ಮಿಲಿವೋಲ್ಟ್

ಎರಡು ಬೀಕರುಗಳು ಅಕ್ಕಪಕ್ಕ ಇವೆ ಎಂದುಕೊಳ್ಳಿ. ಎರಡರಲ್ಲೂ ಸಿಲ್ವರ್ ನೈಟ್ರೇಟ್ ದ್ರಾವಣ, ಎರಡರಲ್ಲೂ ಒಂದೇ ಸುರುಳಿಯಿಂದ ಕತ್ತರಿಸಿದ ಬೆಳ್ಳಿಯ ತಂತಿ. ಎಡಗಡೆಯ ದ್ರಾವಣ 0.1 ಮೋಲಾರ್, ಬಲಗಡೆಯದು ಅದನ್ನೇ ಹತ್ತುಪಟ್ಟು ತೆಳುಮಾಡಿದ 0.01 ಮೋಲಾರ್. ಪೊಟ್ಯಾಸಿಯಂ ನೈಟ್ರೇಟ್ ತುಂಬಿದ ಬಾಗಿದ ಗಾಜಿನ ನಳಿಕೆಯೊಂದು, ಅಂದರೆ ಲವಣ ಸೇತುವೆ, ಎರಡೂ ದ್ರಾವಣಗಳನ್ನು ಮುಟ್ಟುತ್ತಿದೆ. ತಂತಿಗಳ ಮೇಲ್ತುದಿಗೆ ಡಿಜಿಟಲ್ ಮಲ್ಟಿಮೀಟರ್ ಜೋಡಿಸಿದರೆ ಸುಮಾರು 54 ಮಿಲಿವೋಲ್ಟ್ ಕಾಣಿಸುತ್ತದೆ. ಲೋಹವೂ ಲವಣವೂ ಒಂದೇ ಆಗಿರುವಾಗ ಈ ವೋಲ್ಟೇಜ್ ಎಲ್ಲಿಂದ ಬಂತು? ಪುಸ್ತಕದ ಲೆಕ್ಕ 59 ಎನ್ನುವಾಗ ಮೀಟರು 54 ಎನ್ನುವುದೇಕೆ? ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ಜರ್ಮನಿಯ ವಾಲ್ಟರ್ ನರ್ನ್ಸ್ಟ್ 1889ರಲ್ಲಿ ಕೊಟ್ಟ ಸಮೀಕರಣದಲ್ಲಿ. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರ ಪ್ರಯೋಗಾಲಯದಲ್ಲಿದ್ದ ಆತನಿಗೆ ಆಗ ಇಪ್ಪತ್ತೈದು ವರ್ಷ.

ಬೆಳ್ಳಿ ತಂತಿ ದ್ರಾವಣದಲ್ಲಿ ಮುಳುಗಿರುವಾಗ ಅದರ ಮೇಲ್ಮೈಯಲ್ಲಿ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ತಂತಿಯ ಕೆಲವು ಪರಮಾಣುಗಳು ತಲಾ ಒಂದು ಎಲೆಕ್ಟ್ರಾನನ್ನು ಲೋಹದಲ್ಲೇ ಬಿಟ್ಟು, ಅಯಾನುಗಳಾಗಿ ದ್ರಾವಣಕ್ಕಿಳಿಯುತ್ತವೆ. ದ್ರಾವಣದ ಕೆಲವು ಬೆಳ್ಳಿ ಅಯಾನುಗಳು ತಂತಿಗೆ ಬಂದು, ಎಲೆಕ್ಟ್ರಾನ್ ಪಡೆದು ಮತ್ತೆ ಲೋಹವಾಗುತ್ತವೆ. ದ್ರಾವಣ ತೆಳುವಾದಷ್ಟೂ ಬರುವ ಅಯಾನುಗಳು ಕಡಿಮೆಯಾಗುತ್ತವೆ, ಇಳಿದುಹೋಗುವವು ಮಾತ್ರ ಮೊದಲಿನಷ್ಟೇ ಇರುತ್ತವೆ. ಹಾಗಾಗಿ ತೆಳು ದ್ರಾವಣದ ತಂತಿಯಲ್ಲಿ ಎಲೆಕ್ಟ್ರಾನುಗಳು ತುಸು ಹೆಚ್ಚು ಉಳಿದುಕೊಂಡು ತಂತಿ ಋಣದ ಕಡೆಗೆ ವಾಲುತ್ತದೆ. ಹೀಗೆ ಸೇರಿದ ಋಣ ಆವೇಶವೇ ಧನ ಅಯಾನುಗಳು ಮತ್ತಷ್ಟು ಇಳಿಯದಂತೆ ಹಿಡಿಯುವುದರಿಂದ ಹೋಗು-ಬರುವುಗಳು ಬೇಗನೆ ಸಮವಾಗುತ್ತವೆ. ಸಮತೋಲ ಎಷ್ಟು ವೋಲ್ಟಿನಲ್ಲಿ ನಿಲ್ಲುತ್ತದೆ ಎಂಬುದನ್ನು ನರ್ನ್ಸ್ಟ್ ಸಮೀಕರಣ ಹೇಳುತ್ತದೆ:

E = E° + (2.303 RT / nF) log [Ag⁺]

ಇಲ್ಲಿ E ಎಂದರೆ ತಂತಿಯ ವಿಭವ. ಒಂದು ವಿದ್ಯುದಗ್ರದ ವಿಭವವನ್ನು ಒಂಟಿಯಾಗಿ ಅಳೆಯಲು ಬರುವುದಿಲ್ಲವಾದ್ದರಿಂದ, ಹೈಡ್ರೋಜನ್ ವಿದ್ಯುದಗ್ರದ ವಿಭವವನ್ನು ಸೊನ್ನೆ ಎಂದಿಟ್ಟುಕೊಂಡು ಉಳಿದವನ್ನು ಹೇಳುವುದು ರೂಢಿ. E° ಎನ್ನುವುದು ಅಯಾನುಗಳ ಸಾರತೆ ಲೀಟರಿಗೆ ಒಂದು ಮೋಲ್ ಇದ್ದಾಗಿನ ಬೆಲೆ. ಬೆಳ್ಳಿಗೆ ಅದು 0.80 ವೋಲ್ಟ್. n ಎಂದರೆ ಒಂದು ಅಯಾನು ಲೋಹವಾಗಲು ಬೇಕಾದ ಎಲೆಕ್ಟ್ರಾನುಗಳ ಸಂಖ್ಯೆ, ಬೆಳ್ಳಿಗೆ 1. ಲೋಹ ಸೂತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ತಂತಿ ದಪ್ಪವಿರಲಿ, ಸಣ್ಣದಿರಲಿ, ಘನ ಬೆಳ್ಳಿಯ ಸ್ವಭಾವ ಬದಲಾಗದ ಕಾರಣ ಅದರ ಬೆಲೆಯನ್ನು 1 ಎಂದು ಹಿಡಿಯುತ್ತಾರೆ.

ಲಾಗ್ ಪಕ್ಕದಲ್ಲಿರುವ ಗುಣಕವನ್ನು ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಮುಂದೆಲ್ಲ ಸಲೀಸು. ಅನಿಲ ಸ್ಥಿರಾಂಕ R 8.314. 25 ಡಿಗ್ರಿ ಸೆಲ್ಸಿಯಸ್ ಎಂದರೆ T 298.15 ಕೆಲ್ವಿನ್. ಎರಡನ್ನೂ ಗುಣಿಸಿದರೆ 2479. ಅದನ್ನು ಫ್ಯಾರಡೆ ಸ್ಥಿರಾಂಕ F, ಅಂದರೆ 96485ರಿಂದ ಭಾಗಿಸಿದರೆ 0.0257 ವೋಲ್ಟ್. 2.303ರಿಂದ ಗುಣಿಸಿದರೆ 0.0592 ವೋಲ್ಟ್, ಅಂದರೆ 59 ಮಿಲಿವೋಲ್ಟ್. ಕೋಣೆಯ ಉಷ್ಣತೆ 30 ಡಿಗ್ರಿ ಇದ್ದರೆ ಇದು 60 ಮಿಲಿವೋಲ್ಟಿಗೆ ಏರುತ್ತದೆ.

ಈಗ ಎಡ ಬೀಕರಿನ ಲೆಕ್ಕ. 0.1ರ ಲಾಗ್ −1. ಆದ್ದರಿಂದ

E = 0.80 + 0.0592 × (−1) = 0.741 ವೋಲ್ಟ್

ಬಲ ಬೀಕರಿನಲ್ಲಿ 0.01ರ ಲಾಗ್ −2.

E = 0.80 + 0.0592 × (−2) = 0.682 ವೋಲ್ಟ್

ಇವೆರಡರ ಅಂತರ 0.059 ವೋಲ್ಟ್. ಇನ್ನೂ ಹತ್ತುಪಟ್ಟು ತೆಳುಮಾಡಿ 0.001ಕ್ಕೆ ಇಳಿಸಿದರೆ ಮತ್ತೆ ಅಷ್ಟೇ ಇಳಿದು 0.623 ಆಗುತ್ತದೆ. ಲಾಗ್ ಇಲ್ಲಿ ಬಂದಿರುವುದು ಇದಕ್ಕೇ: ಅಯಾನುಗಳನ್ನು ಗಟ್ಟಿ ದ್ರಾವಣದಿಂದ ತೆಳು ದ್ರಾವಣಕ್ಕೆ ಬಿಟ್ಟಾಗ ಸಿಗುವ ಕೆಲಸ, ಸಾರತೆಗಳ ಅಂತರವನ್ನು ನೋಡುವುದಿಲ್ಲ, ಅನುಪಾತವನ್ನು ನೋಡುತ್ತದೆ. ಹತ್ತರಿಂದ ಒಂದಕ್ಕೆ ಇಳಿದರೂ, ನೂರನೇ ಒಂದರಿಂದ ಸಾವಿರನೇ ಒಂದಕ್ಕೆ ಇಳಿದರೂ ಮೆಟ್ಟಿಲಿನ ಎತ್ತರ ಅದೇ.

ಯಾವ ತಂತಿ ಧನ, ಯಾವುದು ಋಣ ಎಂಬಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ವಿಭವ ಹೆಚ್ಚಿರುವುದು ಗಟ್ಟಿ ದ್ರಾವಣದ ತಂತಿಗೆ, ಹಾಗಾಗಿ ಅದೇ ಧನ. ಎರಡು ತಂತಿಗಳನ್ನೂ ನೇರವಾಗಿ ಜೋಡಿಸಿ ವಿದ್ಯುತ್ ಹರಿಯಲು ಬಿಟ್ಟರೆ ತೆಳು ದ್ರಾವಣದ ತಂತಿ ಕರಗುತ್ತದೆ, ಗಟ್ಟಿ ದ್ರಾವಣದ ತಂತಿಯ ಮೇಲೆ ಬೆಳ್ಳಿ ಕೂರುತ್ತದೆ. ಬೀಕರುಗಳಲ್ಲಿ ಸಮ ಅಳತೆಯ ದ್ರಾವಣವಿದ್ದರೆ ಎರಡೂ 0.055 ಮೋಲಾರಿಗೆ ಬಂದು, ಅನುಪಾತ ಒಂದಾಗಿ, ವೋಲ್ಟೇಜ್ ಸೊನ್ನೆಯಾಗುತ್ತದೆ. ನಿಮ್ಮ ಉತ್ತರದ ಚಿಹ್ನೆ ತಿರುಗುಮುರುಗಾಗಿದ್ದರೆ, ಗಟ್ಟಿ ದ್ರಾವಣ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಹೇಳಿದಂತಾಗುತ್ತದೆ. ತಪ್ಪು ಹಿಡಿಯಲು ಇಷ್ಟೇ ಸಾಕು.

ಬೆಳ್ಳಿಯ ಜಾಗದಲ್ಲಿ ತಾಮ್ರವನ್ನೂ ಕಾಪರ್ ಸಲ್ಫೇಟನ್ನೂ ಇಟ್ಟರೆ n 2 ಆಗುತ್ತದೆ. ಪ್ರತಿ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕಾದ್ದರಿಂದ ಮೆಟ್ಟಿಲಿನ ಎತ್ತರ ಅರ್ಧ, 29.6 ಮಿಲಿವೋಲ್ಟ್. ತಾಮ್ರದ E° 0.34 ವೋಲ್ಟ್, 0.1 ಮೋಲಾರಿನಲ್ಲಿ ಅದು 0.310, 0.01ರಲ್ಲಿ 0.281. ಇದು ಕಾಗದದ ಮೇಲಿನ ಲೆಕ್ಕ. ನಿಜವಾಗಿ ಅಳೆದರೆ ಎರಡು ತಾಮ್ರಗಳ ನಡುವೆ ಬರುವುದು 30ರ ಬದಲು ಸುಮಾರು 17 ಮಿಲಿವೋಲ್ಟ್ ಮಾತ್ರ.

ಮೀಟರಿನ ಮೇಲೆ ಗುಮಾನಿಪಡುವ ಮೊದಲು ದ್ರಾವಣವನ್ನು ನೋಡಬೇಕು. ಸಮೀಕರಣಕ್ಕೆ ಬೇಕಾದದ್ದು ಬಾಟಲಿಯ ಚೀಟಿಯಲ್ಲಿರುವ ಸಾರತೆಗಿಂತ ಪರಿಣಾಮಕಾರಿ ಸಾರತೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಆಕ್ಟಿವಿಟಿ ಎನ್ನುತ್ತಾರೆ. ಧನ ಅಯಾನಿನ ಸುತ್ತ ಋಣ ಅಯಾನುಗಳು ಮುತ್ತಿಕೊಂಡು ಅದನ್ನು ಹಿಡಿದೆಳೆಯುವುದರಿಂದ, ಇರುವ ಅಯಾನುಗಳೆಲ್ಲ ಪೂರ್ತಿ ಸ್ವತಂತ್ರವಾಗಿ ವರ್ತಿಸುವುದಿಲ್ಲ. ದ್ರಾವಣ ಗಟ್ಟಿಯಾದಷ್ಟೂ ಈ ಎಳೆತ ಜೋರು. 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಸುಮಾರು 0.073ರಂತೆ ವರ್ತಿಸುತ್ತದೆ, 0.01 ಮೋಲಾರ್ 0.009ರಂತೆ. ಹಾಗಾಗಿ ನಿಜವಾದ ಅನುಪಾತ ಹತ್ತರ ಬದಲು ಎಂಟು ಚಿಲ್ಲರೆ. ಅದರ ಲಾಗ್ ತೆಗೆದು 59ರಿಂದ ಗುಣಿಸಿದರೆ 54 ಮಿಲಿವೋಲ್ಟ್. ಮೀಟರು ಹೇಳಿದ್ದೂ ಅದನ್ನೇ. ಕಾಪರ್ ಸಲ್ಫೇಟಿನಲ್ಲಿ ಎರಡೂ ಕಡೆಯ ಅಯಾನುಗಳಿಗೆ ಎರಡೆರಡು ಆವೇಶ ಇರುವುದರಿಂದ ಎಳೆತ ಇನ್ನೂ ಬಿಗಿ. ಅಲ್ಲಿ 0.1 ಎನ್ನುವುದು 0.015ರಷ್ಟಕ್ಕೆ, 0.01 ಎನ್ನುವುದು 0.004ರಷ್ಟಕ್ಕೆ ಇಳಿದು, ಅನುಪಾತ ನಾಲ್ಕಕ್ಕೂ ಕಡಿಮೆಯಾಗುತ್ತದೆ.

ಇದಕ್ಕೊಂದು ಉಪಾಯವಿದೆ. ಎರಡೂ ಬೀಕರುಗಳಿಗೆ ಪೊಟ್ಯಾಸಿಯಂ ನೈಟ್ರೇಟನ್ನು ಸಮ ಪ್ರಮಾಣದಲ್ಲಿ, ಬೆಳ್ಳಿ ಲವಣಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕರಗಿಸಬೇಕು. ಆಗ ಬೆಳ್ಳಿ ಅಯಾನಿನ ಸುತ್ತಲ ಜಂಗುಳಿ ಎರಡೂ ಕಡೆ ಒಂದೇ ತೆರನಾಗಿ, ಎಳೆತವೂ ಸಮವಾಗುತ್ತದೆ. ಅನುಪಾತ ಮತ್ತೆ ಹತ್ತಕ್ಕೆ ಮರಳಿ, ಓದು 59ರ ಹತ್ತಿರ ಬರುತ್ತದೆ.

ಲವಣ ಸೇತುವೆಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದರೆ ಬೆಳ್ಳಿಯ ಪ್ರಯೋಗ ಕೆಡುತ್ತದೆ. ಸೋರಿದ ಕ್ಲೋರೈಡ್ ಬೆಳ್ಳಿ ಅಯಾನನ್ನು ಹಿಡಿದು ಸಿಲ್ವರ್ ಕ್ಲೋರೈಡಿನ ಬಿಳಿ ಗಸಿಯಾಗಿಸುತ್ತದೆ, ಮೀಟರಿನ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಆದರೆ ಇದನ್ನೇ ಬೇಕೆಂದು ಮಾಡಿದರೆ ನರ್ನ್ಸ್ಟ್ ಸಮೀಕರಣ ತಕ್ಕಡಿಗೆ ದಕ್ಕದ್ದನ್ನೂ ಅಳೆಯುತ್ತದೆ.

ಸೇತುವೆಯಲ್ಲಿ ಪೊಟ್ಯಾಸಿಯಂ ನೈಟ್ರೇಟೇ ಇರಲಿ, ಎಡ ಬೀಕರು ಮೊದಲಿನಂತೆ 0.1 ಮೋಲಾರ್ ಸಿಲ್ವರ್ ನೈಟ್ರೇಟೇ ಇರಲಿ. ಬಲ ಬೀಕರಿನಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ, ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಗಸಿ ಕಟ್ಟುತ್ತದೆ. ಈಗ ವೋಲ್ಟೇಜ್ ಒಮ್ಮೆಲೇ 0.444 ವೋಲ್ಟಿನ ಆಸುಪಾಸಿಗೆ ಜಿಗಿಯುತ್ತದೆ. ಇದನ್ನು 0.0592ರಿಂದ ಭಾಗಿಸಿದರೆ 7.5, ಅಂದರೆ ಎಡದಿಂದ ಬಲಕ್ಕೆ ಏಳೂವರೆ ಮೆಟ್ಟಿಲು ಇಳಿದಿದ್ದೇವೆ. 7.5 ಲಾಗ್ ಇರುವ ಸಂಖ್ಯೆ ಸುಮಾರು ಮೂರು ಕೋಟಿ ಹದಿನಾರು ಲಕ್ಷ. ಎಡಗಡೆಯ ಪರಿಣಾಮಕಾರಿ ಸಾರತೆ 0.073ನ್ನು ಇದರಿಂದ ಭಾಗಿಸಿದರೆ ಬಲಗಡೆ 2.3 × 10⁻⁹ ಸಿಗುತ್ತದೆ. ಇದನ್ನು ಕ್ಲೋರೈಡಿನ ಪರಿಣಾಮಕಾರಿ ಸಾರತೆ 0.077ರಿಂದ ಗುಣಿಸಿದರೆ 1.8 × 10⁻¹⁰. ಪಿಯುಸಿ ಪುಸ್ತಕದ ಕೋಷ್ಟಕದಲ್ಲಿ ಸಿಲ್ವರ್ ಕ್ಲೋರೈಡಿನ ವಿಲೇಯತಾ ಗುಣಲಬ್ಧ ಎಂದು ಕೊಟ್ಟಿರುವುದು ಇದೇ ಸಂಖ್ಯೆ. ಲೀಟರು ನೀರಿನಲ್ಲಿ ಮೈಕ್ರೋಗ್ರಾಮಿನ ಮೂರನೇ ಒಂದು ಪಾಲಿನಷ್ಟು ಬೆಳ್ಳಿ ಅಯಾನನ್ನು ಮೇಜಿನ ಮೇಲಿನ ಮೀಟರು ಲೆಕ್ಕ ಹಾಕಿಕೊಟ್ಟಿತು. ತಂತಿಗೆ ಕಾಣುವುದು ಬಿಡಿ ಅಯಾನುಗಳು ಮಾತ್ರ ಎಂಬುದನ್ನು ಮರೆಯಬಾರದು. ಕ್ಲೋರೈಡಿನೊಂದಿಗೆ ಜೋಡಿಯಾಗಿ ಕರಗಿರುವ ಬೆಳ್ಳಿ ಈ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಕಡಿಮೆ ಸಾರತೆಯಲ್ಲೂ ಓದು ಅಲುಗದೆ ನಿಂತದ್ದು ತಳದಲ್ಲಿ ಗಸಿ ಇದ್ದದ್ದರಿಂದ. ಬೆಳ್ಳಿ ಅಯಾನು ತುಸು ಕಡಿಮೆಯಾದರೆ ಗಸಿ ಕರಗಿ ತುಂಬಿಕೊಡುತ್ತದೆ, ಹೆಚ್ಚಾದರೆ ಹಿಡಿದುಕೊಳ್ಳುತ್ತದೆ. ಗಸಿ ಇಲ್ಲದೆ, ಬರೀ ನೀರು ಬೆರೆಸುತ್ತಾ ಅಷ್ಟು ತೆಳುಮಾಡಿದರೆ ಮೀಟರು ದಿಕ್ಕೆಟ್ಟು ಅಲೆಯುತ್ತದೆ. ಇರುವ ನಾಲ್ಕು ಅಯಾನು ಗಾಜಿಗೆ ಅಂಟಿಕೊಂಡರೂ ಸಾರತೆ ಬದಲಾಗುತ್ತದೆ, ತಂತಿ ತುಸು ಕರಗಿದರೂ ಬದಲಾಗುತ್ತದೆ. ಶುದ್ಧ ನೀರಿಗೆ ಸೊನ್ನೆ ಸಾರತೆ ಎಂದು ಹಾಕಿದರೆ ಸಮೀಕರಣ ಕೊಡುವ ಉತ್ತರ ಋಣ ಅನಂತ. ಯಾವ ತಂತಿಯೂ ಅಲ್ಲಿಗೆ ಹೋಗುವುದಿಲ್ಲ. ಅದಕ್ಕೂ ಮುಂಚೆಯೇ ನೀರಿನಲ್ಲಿ ಕರಗಿದ ಆಮ್ಲಜನಕದಂಥ ಬೇರೆ ವಸ್ತುಗಳು ವೋಲ್ಟೇಜನ್ನು ನಿರ್ಧರಿಸತೊಡಗುತ್ತವೆ.

ಕ್ಲೋರೈಡಿನ ಸಾರತೆ ಗಟ್ಟಿಯಾಗಿ ನಿಂತರೆ ಬೆಳ್ಳಿಯ ವೋಲ್ಟೇಜೂ ನಿಲ್ಲುತ್ತದೆ ಎಂಬ ಈ ಗುಣವನ್ನೇ ನೀರು, ಮಣ್ಣು ಪರೀಕ್ಷಿಸುವ ಪಿಎಚ್ ಮೀಟರುಗಳಲ್ಲಿ ಬಳಸುತ್ತಾರೆ. ಅವುಗಳ ಕಡ್ಡಿಯೊಳಗೆ ಸಾಮಾನ್ಯವಾಗಿ ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ತಂತಿಯೊಂದು ಗಟ್ಟಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕೂತಿರುತ್ತದೆ. ಕಡ್ಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡಬೇಡಿ ಎಂದು ಹೇಳುವ ಕಾರಣಗಳಲ್ಲಿ ಇದೂ ಒಂದು: ಒಳಗಿನ ಕ್ಲೋರೈಡ್ ಸೋರಿ ಹತ್ತುಪಟ್ಟು ತೆಳುವಾದರೆ ತಂತಿಯ ವಿಭವ ಹೆಚ್ಚುಕಡಿಮೆ ಒಂದು ಮೆಟ್ಟಿಲು, ಅಂದರೆ 59 ಮಿಲಿವೋಲ್ಟಿನಷ್ಟು, ಸರಿಯುತ್ತದೆ. ಪಿಎಚ್ ಮೀಟರಿನ ಲೆಕ್ಕದಲ್ಲಿ ಅದು ಪೂರಾ ಒಂದು ಪಿಎಚ್‌ನ ತಪ್ಪು.